ಪಿಟೀಲನ್ನು ಹೆಬ್ಬೆರಳು ಹೊರಬಾರದು

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವಳು, ವಯಸ್ಸು 38. ಕರ್ನಾಟಕ ಸಂಗೀತದ ಪಿಟೀಲು ನುಡಿಸುತ್ತೇನೆ, ಮನೆಯಲ್ಲಿ ಮಕ್ಕಳಿಗೆ ಪಾಠವೂ ಮಾಡುತ್ತೇನೆ. ನವರಾತ್ರಿಗೆ ಒಂದು ದೇವಸ್ಥಾನದಲ್ಲಿ ಎರಡು ಗಂಟೆಯ ಹಾಡುಗಾರಿಕೆ ಕಛೇರಿಗೆ ಪಕ್ಕವಾದ್ಯ ಒಪ್ಪಿಕೊಂಡಿದ್ದೇನೆ. ಇನ್ನು 18 ದಿನ ಉಂಟು. ಮೊದಲು ದಿನಕ್ಕೆ ಮುಕ್ಕಾಲು ಗಂಟೆ ಅಭ್ಯಾಸ ಮಾಡುತ್ತಿದ್ದೆ, ಎರಡು ವಾರದಿಂದ ಮೂರು ಗಂಟೆ ಕೂರುತ್ತಿದ್ದೇನೆ. ಈಗ ಎಡ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬದಿಗೆ ನೋವು, ಬಲಭುಜ ಮೇಲ್ಗಡೆ ಹಿಡಿದುಕೊಂಡ ಹಾಗೆ. ನನ್ನ 12 ವರ್ಷದ ಮಗ ಪಿಯಾನೊ ಪರೀಕ್ಷೆಗೆ ಊಟದ ಮೇಜಿನ ಮೇಲೆ ಕೀಬೋರ್ಡ್ ಇಟ್ಟು ಅಭ್ಯಾಸ ಮಾಡುತ್ತಾನೆ, ಅವನೂ ಹೆಗಲು ನೋವು ಅನ್ನುತ್ತಾನೆ. ನಾನು ಪೂರ್ತಿ ನಿಲ್ಲಿಸಬೇಕಾ? ನಾವು ಕೂರುವ ಕ್ರಮ ತಪ್ಪಾ?

ಉತ್ತರ: ಪೂರ್ತಿ ನಿಲ್ಲಿಸಬೇಡಿ. ಆದರೆ ಮೂರು ಗಂಟೆಯನ್ನು ಇವತ್ತಿಗೇ ನಿಲ್ಲಿಸಿ.

ಕೂರುವ ಕ್ರಮದ ಮಾತಿಗೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು 45 ನಿಮಿಷ 180 ನಿಮಿಷ ಆದ ಲೆಕ್ಕ. ಒಂದೇ ಏಟಿಗೆ ನಾಲ್ಕು ಪಟ್ಟು. ನೀವು ಇಷ್ಟು ವರ್ಷ ಹೇಗೆ ಕೂರುತ್ತಿದ್ದಿರೋ ಈಗಲೂ ಹಾಗೇ ಕೂರುತ್ತಿರಬಹುದು. ಮುಕ್ಕಾಲು ಗಂಟೆಗೆ ಶರೀರ ಸಹಿಸಿಕೊಳ್ಳುತ್ತಿದ್ದ ಸಣ್ಣ ತಪ್ಪನ್ನು ಮೂರು ಗಂಟೆಗೆ ಸಹಿಸುವುದಿಲ್ಲ, ಅಷ್ಟೇ. ಮಾಂಸಖಂಡ ಬೇಗ ಪಳಗುತ್ತದೆ. ಅದನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜು ನಿಧಾನಿ. ಅದಕ್ಕೆ ರಕ್ತ ಹರಿಯುವುದೇ ಕಡಿಮೆ, ಹಾಗಾಗಿ ಹೊಸ ಕೆಲಸಕ್ಕೆ ಹೊಂದಿಕೊಳ್ಳಲು ಅದಕ್ಕೆ ವಾರಗಟ್ಟಲೆ ಬೇಕು. ಕಾಸರಗೋಡಿನಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ನವರಾತ್ರಿಯ ಹಿಂದೆಮುಂದೆ ಪಿಟೀಲಿನವರು, ಪರೀಕ್ಷೆಯ ಹೊತ್ತಿಗೆ ಕೀಬೋರ್ಡಿನ ಮಕ್ಕಳು ಬರುವುದು ಇದೇ ಕಾರಣಕ್ಕೆ.

ಈಗ ಮಣಿಕಟ್ಟು. ಹೆಬ್ಬೆರಳನ್ನು ಎತ್ತುವ, ಹೊರಗೆ ಚಾಚುವ ಎರಡು ರಜ್ಜುಗಳು ಮಣಿಕಟ್ಟಿನ ಆ ಬದಿಯಲ್ಲಿ ಒಂದೇ ಸಪೂರ ಕೊಳವೆಯೊಳಗೆ ಜಾರುತ್ತವೆ. ಹೆಬ್ಬೆರಳು ಬಿಗಿಹಿಡಿದುಕೊಂಡೇ ಮಣಿಕಟ್ಟು ಅತ್ತಿತ್ತ ಹೋದರೆ ಆ ಕೊಳವೆ ದಪ್ಪವಾಗಿ ರಜ್ಜು ಉಜ್ಜಲು ಶುರುಮಾಡುತ್ತದೆ. ಸ್ವಿಸ್ ಶಸ್ತ್ರವೈದ್ಯ ಡಿ ಕರ್ವೇನ್ 1895ರಲ್ಲಿ ಇದನ್ನು ವಿವರಿಸಿದ, ಅವನ ಹೆಸರೇ ಈ ನೋವಿಗೆ ಉಳಿದಿದೆ. ಹಸುಗೂಸನ್ನು ಕಂಕುಳಕ್ಕೆ ಕೈಹಾಕಿ ಎತ್ತುವ ತಾಯಂದಿರಿಗೆ ಬರುವ ಮಣಿಕಟ್ಟಿನ ನೋವು ಹೆಚ್ಚಾಗಿ ಇದೇ. ಪರೀಕ್ಷೆ ಸುಲಭ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಅದರ ಮೇಲೆ ಮುಷ್ಟಿ ಕಟ್ಟಿ, ಮುಷ್ಟಿಯನ್ನು ಮೆಲ್ಲ ಕಿರುಬೆರಳಿನ ಕಡೆಗೆ ಬಾಗಿಸಿ. ಇದು ಸರಿ ಇರುವ ಕೈಯಲ್ಲೂ ಸ್ವಲ್ಪ ಎಳೆಯುತ್ತದೆ, ಹೆದರಬೇಡಿ. ಬಲಗೈಯಲ್ಲೂ ಮಾಡಿ ಹೋಲಿಸಿ. ಎಡಗೈಯಲ್ಲಿ ಮಾತ್ರ ಚುರ್ ಎಂದು ಚುಚ್ಚಿದರೆ ಗುರಿ ಅಲ್ಲೇ. ಒಮ್ಮೆ ಮಾಡಿ ಬಿಡಿ. ದಿನಾ ಮಾಡಿ ನೋಡುತ್ತಿದ್ದರೆ ಅದೇ ನೋವು ಹೆಚ್ಚಿಸುತ್ತದೆ.

ಇನ್ನು ಅಸಲು ಪ್ರಶ್ನೆ. ಪಿಟೀಲು ನುಡಿಸುವಾಗ ಎಡ ಹೆಬ್ಬೆರಳಿಗೆ ಬಿಗಿ ಹಿಡಿಯುವ ಕೆಲಸ ಯಾಕೆ ಬಂತು?

ಪಾಶ್ಚಾತ್ಯ ಕ್ರಮದಲ್ಲಿ ವಾದ್ಯ ಗದ್ದಕ್ಕೂ ಭುಜಕ್ಕೂ ನಡುವೆ ನಿಲ್ಲುತ್ತದೆ. ಗದ್ದಕ್ಕೆ ಇಡುವ ಪಟ್ಟಿ ಬಂದದ್ದೇ 1820ರ ಸುಮಾರಿಗೆ, ಲೂಯಿ ಸ್ಪೋರ್ ಎಂಬ ಜರ್ಮನ್ ವಾದಕ ಮಾಡಿಕೊಂಡದ್ದು. ನಮ್ಮಲ್ಲಿ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಈ ವಾದ್ಯ ನೆಲಕ್ಕೆ ಇಳಿಯಿತು. ಒಂದು ತುದಿ ಎಡಭುಜ, ಎದೆಯ ಹತ್ತಿರ. ಸುರುಳಿಯ ತುದಿ ಬಲಪಾದದ ಮೇಲೆ. ಈ ಕ್ರಮದ ದೊಡ್ಡ ಲಾಭವೇ ಎಡಗೈ ಭಾರ ಹೊರಬೇಕಾಗಿಲ್ಲ ಎನ್ನುವುದು. ಕೈ ಬಿಡುವಾಗಿ ಮೇಲೆ ಕೆಳಗೆ ಜಾರಬಹುದು, ಗಮಕಕ್ಕೆ ಬೇಕಾದದ್ದೂ ಅದೇ. ಆದರೆ ಎರಡು ತುದಿಯಲ್ಲಿ ಒಂದು ಜಾರಿದರೂ ವಾದ್ಯ ಬೀಳದಂತೆ ಹಿಡಿಯುವುದು ಯಾರು? ಹೆಬ್ಬೆರಳು. ನಿಮಗೆ ಗೊತ್ತಾಗದ ಹಾಗೆ, ಜಾರು ಹಾಕುವಾಗಲೂ ಅದು ನೆಕ್ ಅನ್ನು ಚಿವುಟಿಕೊಂಡೇ ಇರುತ್ತದೆ.

ಪರೀಕ್ಷಿಸಿ ನೋಡಿ. ಯಾವಾಗಿನ ಹಾಗೆ ಕೂತು ಬರೀ ತಂತಿಯ ಮೇಲೆ ಕಮಾನು ಎಳೆಯಿರಿ. ನಡುವೆ ಎಡಗೈಯನ್ನು ಪೂರ್ತಿ ತೆಗೆದು ತೊಡೆಯ ಮೇಲೆ ಇಡಿ. ವಾದ್ಯ ಅಲ್ಲಾಡದೆ ನಿಂತಿತಾ? ನಿಂತರೆ ಸರಿ. ಜಾರಿದರೆ ಅಥವಾ ನೀವು ಗಾಬರಿಯಿಂದ ಗದ್ದ ಒತ್ತಿ ಹಿಡಿದರೆ, ಇಷ್ಟು ದಿನ ವಾದ್ಯ ಹೊತ್ತದ್ದು ಹೆಬ್ಬೆರಳು ಎಂದು ಅರ್ಥ. ಇನ್ನೊಂದು ಪರೀಕ್ಷೆ ಉಂಟು. ಪಂಚಮದಲ್ಲಿ ಒಂದು ಉದ್ದ ಕಾರ್ವೆ ಹಿಡಿದು, ಸ್ವರ ನಿಂತಿರುವಾಗಲೇ ಹೆಬ್ಬೆರಳಿನಿಂದ ನೆಕ್ಕಿಗೆ ಎರಡು ಸಲ ಮೆತ್ತಗೆ ತಟ್ಟಿ. ತಟ್ಟಲಿಕ್ಕೆ ಎತ್ತಲೇ ಆಗದಿದ್ದರೆ ಅದು ಬಿಗಿಯಾಗಿದೆ.

ಪರಿಹಾರಕ್ಕೆ ಹತ್ತು ರೂಪಾಯಿಯೂ ಬೇಡ. ಅಡುಗೆಮನೆಯ ಡ್ರಾಯರಿನಲ್ಲಿ ಹಾಸುವ ರಬ್ಬರಿನ ಜಾಳಿಗೆ ಹಾಳೆ ಉಂಟಲ್ಲ, ಅದರ ಅಂಗೈಯಗಲದ ಎರಡು ತುಂಡು ಕತ್ತರಿಸಿ. ಒಂದನ್ನು ಭುಜದ ಮೇಲೆ ವಾದ್ಯ ತಾಗುವಲ್ಲಿ, ಇನ್ನೊಂದನ್ನು ಪಾದದ ಮೇಲೆ ಸುರುಳಿ ಕೂರುವಲ್ಲಿ ಇಡಿ. ವಾರ್ನಿಷಿಗೆ ಅದು ನೇರ ತಾಗದಂತೆ ನಡುವೆ ತೆಳ್ಳಗಿನ ಹತ್ತಿಬಟ್ಟೆ ಇರಲಿ. ಇದನ್ನು ಹೇಳುವುದಕ್ಕೆ ಇನ್ನೊಂದು ಕಾರಣವೂ ಉಂಟು. ಮನೆಯಲ್ಲಿ ಹತ್ತಿಯ ಚೂಡಿದಾರದಲ್ಲಿ ಅಭ್ಯಾಸ ಮಾಡಿ, ಕಛೇರಿಯ ದಿನ ರೇಷ್ಮೆ ಸೀರೆ ಉಟ್ಟು ಕೂತವರಿಗೆ ಅವತ್ತೇ ಕೈ ಹಿಡಿದದ್ದನ್ನು ನಾನು ನೋಡಿದ್ದೇನೆ. ರೇಷ್ಮೆ ಜಾರುತ್ತದೆ, ಹೆಬ್ಬೆರಳು ಹಿಡಿಯುತ್ತದೆ. ಕಛೇರಿಗೆ ಉಡುವ ಸೀರೆಯನ್ನೇ ಉಟ್ಟು ಮೊದಲೇ ಒಂದು ದಿನ ಹತ್ತು ನಿಮಿಷ ನುಡಿಸಿ ನೋಡಿ. ಸುಮ್ನೆ ಹೇಳುತ್ತಿಲ್ಲ.

ಬಲಭುಜದ ಕತೆ ಬೇರೆ. ಅಲ್ಲಿಯ ತೊಂದರೆ ಶುರುವಾಗುವುದು ಭುಜದಲ್ಲಲ್ಲ, ಸೊಂಟದಲ್ಲಿ. ಚಕ್ಕಳಮಕ್ಕಳ ಕೂತಾಗ ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಗೂನಾಗುತ್ತದೆ, ಎರಡೂ ಭುಜ ಮುಂದಕ್ಕೆ ಬೀಳುತ್ತವೆ. ಆ ಸ್ಥಿತಿಯಲ್ಲಿ ತೋಳು ಎತ್ತಿದರೆ ಭುಜದ ಎಲುಬಿನ ಕೆಳಗಿನ ಸಂದಿ ಕಿರಿದಾಗಿ, ತೋಳನ್ನು ಎತ್ತುವ ರಜ್ಜು ಒತ್ತಿಹೋಗುತ್ತದೆ. ನೀವೇ ಈಗ ಗೂನು ಮಾಡಿಕೊಂಡು ಕೂತು ಬಲಗೈಯನ್ನು ಪಕ್ಕದಿಂದ ಮೇಲಕ್ಕೆ ಎತ್ತಿ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಎತ್ತಿ. ಎಷ್ಟು ವ್ಯತ್ಯಾಸ, ಅಲ್ವಾ? ಕಮಾನು ಮಂದ್ರ ಷಡ್ಜದ ತಂತಿಗೆ ಹೋದಾಗ ಮೊಣಕೈ ಜಾಸ್ತಿ ಏಳುತ್ತದೆ. ತಾರದಲ್ಲಿ ಆರಾಮ, ಮಂದ್ರದಲ್ಲಿ ನೋವು ಎಂದಾದರೆ ಕಾರಣ ಇದೇ ಇರಬಹುದು.

ಒಂದು ಜಮಖಾನೆಯನ್ನು ಮಡಚಿ 6ರಿಂದ 8 ಸೆಂಟಿಮೀಟರು ದಪ್ಪ ಮಾಡಿ. ಅದರ ಮುಂದಿನ ಅಂಚಿನ ಮೇಲೆ ಕೂತುಕೊಳ್ಳಿ. ಕುಂಡೆ ಮಾತ್ರ ಅದರ ಮೇಲಿರಲಿ, ಮಂಡಿ, ಪಾದ ಕೆಳಗೆ ಚಾಪೆಯ ಮೇಲೆ. ಕೆಲವರು ದಿಂಬನ್ನು ಪೂರ್ತಿ ಕೆಳಗೆ ಹಾಕಿ ಮಂಡಿಯನ್ನೂ ಅದರ ಮೇಲೇ ಇಡುತ್ತಾರೆ. ಆಗ ಎತ್ತರ ಬಂತು, ಓರೆ ಬರಲಿಲ್ಲ, ಲಾಭ ಇಲ್ಲ. ಮಂಡಿ ಸೊಂಟಕ್ಕಿಂತ ಸ್ವಲ್ಪ ತಗ್ಗಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನೀವು ಬಲವಂತದಿಂದ ಎದೆಯುಬ್ಬಿಸಿ ಕೂರಬೇಕಾಗಿಲ್ಲ. ಮಿಲಿಟರಿಯವರ ಹಾಗೆ ಸೆಟೆದು ಕೂತರೆ ಅದೇ ಹತ್ತು ನಿಮಿಷದಲ್ಲಿ ಇನ್ನೊಂದು ಕಡೆ ನೋವು. ಎತ್ತರ ಹೆಚ್ಚಿದ ಮೇಲೆ ಸುರುಳಿ ಪಾದಕ್ಕೆ ಎಟುಕದೆ ಹೋದರೆ ಪಾದವನ್ನು ಸ್ವಲ್ಪ ಹತ್ತಿರ ಎಳೆದುಕೊಳ್ಳಿ, ಬೆನ್ನು ಬಗ್ಗಿಸಬೇಡಿ.

ಇನ್ನೊಂದು ಮಾತು, ಪಕ್ಕವಾದ್ಯದವರಿಗೇ ಹೇಳುವಂಥದ್ದು. ಹಾಡುವವರ ಮುಖ ನೋಡಲು ನೀವು ಎರಡು ಗಂಟೆ ಕತ್ತನ್ನು ಒಂದೇ ಕಡೆಗೆ ತಿರುಗಿಸಿ ಇಡುತ್ತೀರಿ. ಕತ್ತಿನಿಂದ ಭುಜಕ್ಕೆ ಇಳಿಯುವ ಮಾಂಸಖಂಡಕ್ಕೆ ಅಷ್ಟು ಸಾಕು. ಕತ್ತು ತಿರುಗಿಸುವ ಬದಲು ಚಾಪೆಯನ್ನೇ ಅವರ ಕಡೆಗೆ ಓರೆಯಾಗಿ ಹಾಸಿಕೊಳ್ಳಿ.

ಈಗ ಬಿಡುವಿನ ವಿಷಯ. ಇದನ್ನು ಜನ ಕೇಳಿಸಿಕೊಳ್ಳುವುದೇ ಇಲ್ಲ. ಸುಸ್ತಾದಾಗ ನಿಲ್ಲಿಸುತ್ತೇನೆ ಎನ್ನುತ್ತಾರೆ. ನೋವು ಬಂದ ಮೇಲೆ ತೆಗೆದುಕೊಂಡದ್ದು ಬಿಡುವಲ್ಲ, ಅದು ಸೋತು ನಿಂತದ್ದು. ಭುಜ ಎತ್ತಿ ಹಿಡಿದಾಗ ಮಾಂಸಖಂಡ ಬಿಗಿಯಾಗಿ ತನ್ನೊಳಗಿನ ಸಣ್ಣ ರಕ್ತನಾಳಗಳನ್ನು ತಾನೇ ಒತ್ತುತ್ತದೆ. ಕಮಾನಿನ ಕೈ ಅತ್ತಿತ್ತ ಆಡುತ್ತಿದ್ದರೂ ಭುಜವನ್ನು ಎತ್ತಿ ಹಿಡಿದ ಭಾಗ ಆಡುವುದಿಲ್ಲ, ಅದು ನಿಂತಲ್ಲೇ ದುಡಿಯುತ್ತದೆ. ಅದಕ್ಕೆ ಬೇಕಾದದ್ದು ಆಗಾಗ ಸ್ವಲ್ಪ ಸಡಿಲ. ಕೊನೆಯಲ್ಲಿ ಅರ್ಧ ಗಂಟೆ ಮಲಗಿದರೆ ಆ ಸಾಲ ತೀರುವುದಿಲ್ಲ.

ಹಾಗಾದರೆ ಎಷ್ಟು ನಿಮಿಷಕ್ಕೊಮ್ಮೆ? ಆರೋಗ್ಯವಾಗಿರುವ ಕೈಗೆ 25 ನಿಮಿಷ ನುಡಿಸಿ 5 ನಿಮಿಷ ಬಿಡುವುದು ಎಲ್ಲರೂ ಹೇಳುವ ಲೆಕ್ಕ, ಅದು ಒಳ್ಳೆಯ ಲೆಕ್ಕವೇ. ಈಗಾಗಲೇ ನೊಂದ ಕೈಗೆ ನಾನು ಬೇರೆ ಲೆಕ್ಕ ಹೇಳುತ್ತೇನೆ. ನಾಳೆ ನುಡಿಸುವಾಗ ಗಡಿಯಾರ ಎದುರಿಗಿಡಿ. ಮೊದಲ ಸಲ ಬಿಗಿತ ಗೊತ್ತಾದದ್ದು ಎಷ್ಟನೆಯ ನಿಮಿಷಕ್ಕೆ ಎಂದು ಬರೆದಿಡಿ. 18ನೆಯ ನಿಮಿಷ ಅಂತಿಟ್ಟುಕೊಳ್ಳಿ. ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ 10 ನಿಮಿಷ, ನಿಮ್ಮ ಒಂದು ಸುತ್ತು. ಏನೂ ನೋವಿಲ್ಲದಿದ್ದರೂ ಹತ್ತಕ್ಕೆ ನಿಲ್ಲಿಸಬೇಕು. ಮೊಬೈಲಿನ ಅಲಾರಂ ಕೋಣೆಯ ಆಚೆ ತುದಿಯಲ್ಲಿ ಇಡಿ. ಅದನ್ನು ನಿಲ್ಲಿಸಲು ಎದ್ದು ಹೋಗಲೇಬೇಕು, ಹೋಗಬೇಕಾದರೆ ವಾದ್ಯ ಕೆಳಗಿಡಲೇಬೇಕು. ಹತ್ತಿರ ಇಟ್ಟರೆ ಒಂದೇ ಬೆರಳಲ್ಲಿ ಒತ್ತಿ, ಇನ್ನೊಂದು ಸಲ ಚರಣ ಅಂತ ಮುಂದುವರಿಸುತ್ತೀರಿ. ನಾನೂ ಹಾಗೇ ಮಾಡುತ್ತಿದ್ದವನು.

ಬಿಡುವಿನಲ್ಲಿ ಏನು ಮಾಡುವುದು? ಎದ್ದು ನಿಲ್ಲಿ. ಎರಡೂ ಕೈ ಕೆಳಗೆ ಜೋತುಬಿಟ್ಟು ಬಾವಿಕಟ್ಟೆಯವರೆಗೆ ಹೋಗಿ ಬನ್ನಿ. ಕೈಯನ್ನು ಜೋರಾಗಿ ಎಳೆದು ಹಿಗ್ಗಿಸುವ ವ್ಯಾಯಾಮ ಈಗ ಬೇಡ, ಊದಿದ ರಜ್ಜನ್ನು ಎಳೆದರೆ ಕೆರಳುತ್ತದೆ. ಮೊಬೈಲ್ ನೋಡಿದರೆ ಅದು ಬಿಡುವೇ ಅಲ್ಲ. ಹೆಬ್ಬೆರಳು ಅಲ್ಲೂ ಅದೇ ಕೆಲಸ ಮಾಡುತ್ತದೆ.

ಸಂಗೀತ ನಿಲ್ಲಬೇಕಾಗಿಲ್ಲ. ನಿಮಗೆ ಪಿಯಾನೊದವರಿಗಿಲ್ಲದ ಒಂದು ಅನುಕೂಲ ಉಂಟು, ನಮ್ಮ ಪದ್ಧತಿಯಲ್ಲಿ ನುಡಿಸುವುದನ್ನೆಲ್ಲ ಹಾಡಬಹುದು. ಮೂರು ಗಂಟೆಯ ಅಭ್ಯಾಸದಲ್ಲಿ ಎಷ್ಟು ಹೊತ್ತು ಕೈಗಾಗಿ, ಎಷ್ಟು ಹೊತ್ತು ನೆನಪಿಗಾಗಿ ಎಂದು ಕೇಳಿಕೊಳ್ಳಿ. ಸಂಗತಿಗಳ ಸಾಲು, ಸ್ವರಕಲ್ಪನೆಯ ಲೆಕ್ಕ, ಹಾಡುವವರ ಧ್ವನಿಮುದ್ರಿಕೆ ಕೇಳಿ ಅವರ ನಡೆ ಅರ್ಥಮಾಡಿಕೊಳ್ಳುವುದು, ಇದಕ್ಕೆಲ್ಲ ವಾದ್ಯ ಬೇಡ. ಬಾಯಲ್ಲಿ ಹಾಡಿ. ತಾಳ ಹಾಕುವುದಾದರೆ ಎಡಗೈಯಲ್ಲಿ, ಅಂಗೈ ತೊಡೆಗೆ ತಟ್ಟಿದರೆ ಸಾಕು, ಬೆರಳೆಣಿಕೆ ಬೇಡ. ಬಲಭುಜಕ್ಕೆ ಆಗ ಸಿಗುವುದು ನಿಜವಾದ ವಿಶ್ರಾಂತಿ.

ಪಾಠದ ಹೊತ್ತನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ ಎಂದು ನನ್ನ ಅನುಮಾನ. ಮಗು ನುಡಿಸುವಾಗ ನಿಮ್ಮ ಪಿಟೀಲು ಎಲ್ಲಿರುತ್ತದೆ? ಹೆಚ್ಚಿನ ಟೀಚರುಗಳು ಅದನ್ನು ಭುಜದ ಮೇಲೇ ಇಟ್ಟು, ಕಮಾನು ಕೈಯಲ್ಲೇ ಹಿಡಿದು, ಎಲ್ಲಿ ತಪ್ಪುತ್ತದೆ ಎಂದು ಕಾಯುತ್ತಾ ಕೂರುತ್ತಾರೆ. ನುಡಿಸದೆಯೂ ಭುಜ ದುಡಿಯುತ್ತಿರುತ್ತದೆ. ತೋರಿಸಿಕೊಟ್ಟ ಕೂಡಲೇ ವಾದ್ಯವನ್ನು ಮಡಿಲಿಗೆ ಇಳಿಸಿ, ತಿದ್ದುವುದನ್ನು ಬಾಯಲ್ಲಿ ತಿದ್ದಿ.

ಮನೆಗೆಲಸವೂ ಇದೇ ಖಾತೆಗೆ ಜಮೆ. ನಮ್ಮ ಕಡೆ ದಿನಾ ತೆಂಗಿನಕಾಯಿ ತುರಿಯದ ಮನೆ ಇಲ್ಲ. ಹೆರಮಣೆಯಲ್ಲಿ ಎರಡು ಕಡಿ ತುರಿಯುವಾಗ ಹೆಬ್ಬೆರಳು ಬಿಗಿ, ಮಣಿಕಟ್ಟು ಸುತ್ತ ತಿರುಗುವುದು, ನಾನು ಮೇಲೆ ಹೇಳಿದ ರಜ್ಜಿಗೆ ಇದಕ್ಕಿಂತ ಕೆಟ್ಟ ಕೆಲಸ ಇಲ್ಲ. ಅಡಿಕೆ ಸುಲಿಯುವುದೂ ಹಾಗೇ. ಬಟ್ಟೆ ಹಿಂಡುವುದು, ಬಾವಿಯಿಂದ ಕೊಡಪಾನ ಎಳೆಯುವುದು ಬೇರೆ. ಹದಿನೆಂಟು ದಿನದ ಮಟ್ಟಿಗೆ ತುರಿಯುವುದನ್ನು ಮನೆಯಲ್ಲಿ ಬೇರೆಯವರು ಮಾಡಲಿ. ಇದನ್ನು ಹೇಳಿದರೆ ಕೆಲವು ಮನೆಗಳಲ್ಲಿ ನನ್ನ ಮೇಲೆ ಸಿಟ್ಟಾಗುತ್ತಾರೆ. ಆಗಲಿ.

ನನ್ನದೇ ಕತೆ ಸ್ವಲ್ಪ ಹೇಳಬೇಕು. ಹದಿನೇಳನೆಯ ವಯಸ್ಸಿನಲ್ಲಿ ನಾನೂ ಪಿಟೀಲು ಕಲಿಯುತ್ತಿದ್ದೆ. ಒಂದು ಸ್ಪರ್ಧೆಗೆಂದು ದಿನಕ್ಕೆ ನಾಲ್ಕು ಗಂಟೆ ಕೂತೆ. ಇದೇ ಜಾಗ ನೋವು. ಕಲಿಸುವವರು, ನುಡಿಸ್ತಾ ನುಡಿಸ್ತಾ ಹೋಗುತ್ತದೆ ಎಂದರು. ಮನೆಯಲ್ಲಿ ಎಣ್ಣೆ ತಿಕ್ಕಿದರು. ಸ್ಪರ್ಧೆಯ ದಿನ ನೋವಿನ ಮಾತ್ರೆ ನುಂಗಿ ನುಡಿಸಿದೆ. ಆಮೇಲೆ ಎಂಟು ತಿಂಗಳು ಕಮಾನು ಮುಟ್ಟಲಾಗಲಿಲ್ಲ. ಯಾರದೂ ದುರುದ್ದೇಶ ಇರಲಿಲ್ಲ, ಎಲ್ಲರಿಗೂ ಅಷ್ಟೇ ಗೊತ್ತಿದ್ದದ್ದು. ಎಣ್ಣೆಯ ಬಗ್ಗೆ ನನಗೆ ತಕರಾರಿಲ್ಲ, ಬಿಸಿ ಎಣ್ಣೆ ಭುಜಕ್ಕೆ ಹಿತವೇ. ಮಣಿಕಟ್ಟಿನ ನೋಯುವ ಜಾಗವನ್ನು ಮಾತ್ರ ಒತ್ತಿ ತಿಕ್ಕಬೇಡಿ. ಮಾತ್ರೆ ಮಾತ್ರ ನುಡಿಸುವುದಕ್ಕೆಂದು ನುಂಗಲೇಬೇಡಿ. ನೋವು ಎಷ್ಟು ಎಂದು ಹೇಳುವ ಮುಳ್ಳನ್ನೇ ಕಿತ್ತುಹಾಕಿ ಗಾಡಿ ಓಡಿಸಿದ ಹಾಗೆ ಅದು.

ಈಗ ನಿಮ್ಮ 18 ದಿನ. ಮೊದಲ ನಾಲ್ಕು ದಿನ ಹತ್ತು ಹತ್ತು ನಿಮಿಷದ ಮೂರು ಸುತ್ತು, ಬೆಳಗ್ಗೆ, ಮಧ್ಯಾಹ್ನ, ಸಂಜೆ. ಬರೀ ನಿಧಾನ ಕಾಲ, ಉದ್ದ ಜಾರು ಬೇಡ. ರಾತ್ರಿ ಮಲಗುವಾಗ ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಮಣಿಕಟ್ಟಿನ ಪಟ್ಟಿ ಕಟ್ಟಿಕೊಳ್ಳಬಹುದು, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಕಟ್ಟಿಕೊಂಡು ನುಡಿಸಬಾರದು, ಮಣಿಕಟ್ಟು ಆಡದಿದ್ದರೆ ಮೊಣಕೈ, ಭುಜ ಅದರ ಕೆಲಸ ಮಾಡಲು ಹೋಗಿ ಕೆಡುತ್ತವೆ. ಐದನೆಯ ದಿನದಿಂದ 12 ನಿಮಿಷದ ನಾಲ್ಕು ಸುತ್ತು. ಒಂಬತ್ತರಿಂದ 15 ನಿಮಿಷದ ಐದು. ಎರಡು ಸುತ್ತಿನ ನಡುವೆ ಕನಿಷ್ಠ ಅರ್ಧ ಗಂಟೆ ಅಂತರ ಇರಲಿ. ಪ್ರತಿ ಸುತ್ತಿಗೂ ಮೊದಲು ಎರಡು ನಿಮಿಷ ಬರೀ ತಂತಿಯ ಮೇಲೆ ಉದ್ದ ಕಮಾನು.

ಮುಂದಿನ ಹೆಜ್ಜೆಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವುದು ನುಡಿಸುವಾಗಲ್ಲ, ಮರುದಿನ ಬೆಳಗ್ಗೆ. ನೋವಿಗೆ ಹತ್ತರಲ್ಲಿ ಅಂಕ ಕೊಡಿ. ನುಡಿಸುವಾಗ ಎರಡು, ಮೂರರವರೆಗೆ ಇದ್ದು, ಮರುದಿನ ಹಲ್ಲುಜ್ಜುವ ಹೊತ್ತಿಗೆ ಹಿಂದಿನ ಬೆಳಗ್ಗಿನಷ್ಟೇ ಇದ್ದರೆ ಮುಂದುವರಿಯಿರಿ. ಬೆಳಗ್ಗೆ ಒಂದು ಅಂಕ ಜಾಸ್ತಿಯಾಗಿದ್ದರೆ ಆ ದಿನ ಹಿಂದಿನ ಹೆಜ್ಜೆಗೆ ಇಳಿಯಿರಿ. 14ನೆಯ ದಿನ ಕಛೇರಿಯ ಕ್ರಮದಲ್ಲೇ ಒಮ್ಮೆ ಪೂರ್ತಿ ಕೂತು ನೋಡಿ, ಹಾಡುವವರು ಬಂದರೆ ಇನ್ನೂ ಒಳ್ಳೆಯದು. ಪಕ್ಕವಾದ್ಯದವರು ಎರಡು ಗಂಟೆಯಲ್ಲಿ ಎರಡು ಗಂಟೆಯೂ ನುಡಿಸುವುದಿಲ್ಲ ಎಂದು ಆಗ ನಿಮಗೇ ಗೊತ್ತಾಗುತ್ತದೆ. ಮರುದಿನ ರಜೆ. ಕೊನೆಯ ಎರಡು ದಿನ 20 ನಿಮಿಷಕ್ಕಿಂತ ಹೆಚ್ಚು ಬೇಡ. ಆ ಎರಡು ದಿನದಲ್ಲಿ ಹೊಸತಾಗಿ ಏನೂ ಕೈಗೆ ಕೂರುವುದಿಲ್ಲ, ಕೈ ಕೆಡಬಹುದು ಅಷ್ಟೇ.

ಹತ್ತನೆಯ ದಿನಕ್ಕೂ ಬೆಳಗ್ಗಿನ ಅಂಕ ಇಳಿಯದಿದ್ದರೆ ಹಾಡುವವರಿಗೆ ಫೋನ್ ಮಾಡಿ ಹೇಳಿಬಿಡಿ. ಎಂಟು ದಿನ ಮೊದಲು ಹೇಳಿದರೆ ಬೇರೆಯವರನ್ನು ಹುಡುಕಬಹುದು. ಹಿಂದಿನ ರಾತ್ರಿ ಹೇಳಿದರೆ ಮುಂದಿನ ವರ್ಷ ಕರೆಯುವುದಿಲ್ಲ.

ಇದೆಲ್ಲ ಮನೆಯಲ್ಲಿ ನೋಡಿಕೊಳ್ಳಬಹುದಾದ ನೋವಿಗೆ. ಕೆಲವು ಚಿಹ್ನೆ ಕಂಡರೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುವುದು, ರಾತ್ರಿ ಎಚ್ಚರವಾಗಿ ಕೈ ಕೊಡವಬೇಕು ಅನಿಸುವುದು ಮಣಿಕಟ್ಟಿನಲ್ಲಿ ನರ ಒತ್ತಿದ ಗುರುತು. ಥೈರಾಯ್ಡ್, ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಬೇಗ ಬರುತ್ತದೆ, ಅದರ ರಕ್ತಪರೀಕ್ಷೆಯನ್ನೂ ಮಾಡಿಸಬೇಕಾಗಬಹುದು. ಕಿರುಬೆರಳು, ಉಂಗುರಬೆರಳು ಜುಮ್ಮೆಂದರೆ ತೊಂದರೆ ಹೆಚ್ಚಾಗಿ ಮೊಣಕೈಯಲ್ಲಿ. ಕಮಾನು ಕೈಯಿಂದ ಜಾರುವುದು, ತೋಳು ಎತ್ತಲಿಕ್ಕೇ ಆಗದಿರುವುದು, ಆ ಭುಜದ ಮೇಲೆ ಮಲಗಲಾರದಷ್ಟು ರಾತ್ರಿನೋವು, ಇವಕ್ಕೂ ಕಾಯಬೇಡಿ. ಇನ್ನೊಂದು ವಿಚಿತ್ರದ್ದು. ನೋವೇ ಇಲ್ಲದೆ, ನುಡಿಸುವಾಗ ಮಾತ್ರ ಒಂದು ಬೆರಳು ತಾನಾಗಿ ಮಡಚಿಕೊಳ್ಳುವುದು. ಅಮೆರಿಕದ ಪಿಯಾನೊ ವಾದಕ ಲಿಯೋನ್ ಫ್ಲೈಷರ್ ಅವರಿಗೆ 1960ರ ದಶಕದಲ್ಲಿ ಬಲಗೈಗೆ ಬಂದದ್ದು ಇದೇ, ಎಷ್ಟೋ ವರ್ಷ ಎಡಗೈಯೊಂದರಲ್ಲೇ ನುಡಿಸಿದರು. ಅದು ಮಿದುಳು ಬೆರಳಿಗೆ ಕಳಿಸುವ ಸಂದೇಶದ ತೊಂದರೆ. ಅಭ್ಯಾಸ ಹೆಚ್ಚಿಸಿ ಸರಿಮಾಡುತ್ತೇನೆ ಎಂದು ಹೊರಟರೆ ಹೆಚ್ಚಾಗುತ್ತದೆ.

ಮಗನದ್ದು ಸುಲಭ, ಅಳತೆಪಟ್ಟಿ ತನ್ನಿ. ಊಟದ ಮೇಜು ಸಾಮಾನ್ಯವಾಗಿ 75 ಸೆಂಟಿಮೀಟರು. ಕೀಬೋರ್ಡಿನ ದಪ್ಪ ಸುಮಾರು 9. ಅಲ್ಲಿಗೆ ಕೀಲಿಗಳ ಎತ್ತರ 84. ಪ್ಲಾಸ್ಟಿಕ್ ಕುರ್ಚಿ ಸುಮಾರು 43, ಅವನು ಕೂತು ತೋಳು ಇಳಿಬಿಟ್ಟಾಗ ಮೊಣಕೈ ಕುರ್ಚಿಯಿಂದ 19 ಮೇಲೆ ಅಂತಿಟ್ಟುಕೊಂಡರೆ ನೆಲದಿಂದ 62. ಅಂದರೆ ಕೀಲಿಗಳು ಅವನ ಮೊಣಕೈಗಿಂತ 22 ಸೆಂಟಿಮೀಟರು ಮೇಲೆ! ಗಲ್ಲಕ್ಕೆ ಹತ್ತಿರ ಇಟ್ಟು ನುಡಿಸಿದ ಹಾಗೆ. ಹೆಗಲು ಕಿವಿಗೆ ಏರಿಸದೆ ಅವನಿಗೆ ಬೇರೆ ದಾರಿ ಇಲ್ಲ. ಮೊಣಕೈ ಕೀಲಿಗಳ ಮಟ್ಟಕ್ಕೆ, ಅಥವಾ ಕೂದಲೆಳೆ ಮೇಲೆ ಇರಬೇಕು. ನಿಜವಾದ ಪಿಯಾನೊದಲ್ಲಿ ಕೀಲಿ ನೆಲದಿಂದ ಸುಮಾರು 72ರಲ್ಲಿ ಇರುತ್ತದೆ. ನೀವು ಕೀಬೋರ್ಡನ್ನು ಸ್ಟ್ಯಾಂಡಿಗೆ ಹಾಕಿ ಅದೇ 72ಕ್ಕೆ ಇಳಿಸಿ, ಕುರ್ಚಿಯ ಮೇಲೆ ಗಟ್ಟಿ ಹಲಗೆ ಮತ್ತು ಮಡಚಿದ ಕಂಬಳಿ ಹಾಕಿ ಅವನನ್ನು 10 ಸೆಂಟಿಮೀಟರು ಏರಿಸಿ. ಮೆತ್ತನೆ ದಿಂಬು ಬೇಡ, ಅದು ತಗ್ಗುತ್ತದೆ. ಏರಿಸಿದ ಮೇಲೆ ಕಾಲು ನೇತಾಡಿದರೆ ಕೆಳಗೆ ಒಂದು ಮಣೆ ಇಡಿ. ಕಾಲು ಊರದ ಮಗು ಭುಜದಲ್ಲಿ ತನ್ನನ್ನು ಹಿಡಿದುಕೊಳ್ಳುತ್ತದೆ.

ಇನ್ನು ಎರಡು ಸಂಗತಿ. ಅವನ ಕೀಬೋರ್ಡು ಹಗುರ ಕೀಲಿಗಳದ್ದಾದರೆ ಪರೀಕ್ಷೆಯ ಪಿಯಾನೊ ಭಾರ ಅನಿಸುತ್ತದೆ, ಗಾಬರಿಯಿಂದ ಬೆರಳಲ್ಲಿ ಗುದ್ದುತ್ತಾನೆ. ಪರೀಕ್ಷೆಗೆ ಮೊದಲು ನಾಲ್ಕೈದು ಸಲವಾದರೂ ಪಾಠದ ಮನೆಯ ಪಿಯಾನೊದಲ್ಲಿ ನುಡಿಸಲಿ. ಮತ್ತೆ ಒಂದು ಆಕ್ಟೇವ್ ಅಂದರೆ ಕೀಲಿಯಲ್ಲಿ ಸುಮಾರು 16.5 ಸೆಂಟಿಮೀಟರು ಅಗಲ. ಅವನ ಅಂಗೈ ಅಷ್ಟು ಚಾಚದಿದ್ದರೆ ದೊಡ್ಡ ಸ್ವರಮೇಳವನ್ನು ಮುರಿದು ನುಡಿಸಬಹುದೇ ಎಂದು ಅವನ ಟೀಚರಲ್ಲಿ ಕೇಳಿ. ಬಿಡುವಿನ ಲೆಕ್ಕ ಅವನಿಗೆ 20 ನಿಮಿಷಕ್ಕೊಮ್ಮೆ, ಅಲಾರಂ ಅವನದ್ದೂ ದೂರ ಇರಲಿ. ಪರೀಕ್ಷೆಯ ಕೋಣೆಯಲ್ಲಿ ಸ್ಟೂಲಿನ ಎತ್ತರ ಸರಿಮಾಡಿಕೊಳ್ಳಲು ಒಂದು ನಿಮಿಷ ಕೇಳುವುದಕ್ಕೆ ನಾಚಬಾರದು ಎಂದು ಈಗಲೇ ಹೇಳಿಕೊಡಿ. ಹಿಂದಿನವರು ಕೂತ ಎತ್ತರದಲ್ಲೇ ಕೂತು ಮುಗಿಸಿ ಬರುವ ಮಕ್ಕಳು ತುಂಬ.

ಕಛೇರಿಯ ದಿನ ನಿಮ್ಮ ಜಮಖಾನೆಯನ್ನು ಮನೆಯಿಂದಲೇ ಒಯ್ಯಿರಿ. ದೇವಸ್ಥಾನದಲ್ಲಿ ಕಲ್ಲುನೆಲದ ಮೇಲೆ ತೆಳ್ಳಗಿನ ಹಾಸು ಮಾತ್ರ ಇರುತ್ತದೆ. ಹಾಡುವವರು ಆಲಾಪನೆ ಶುರುಮಾಡಿದ ಕೂಡಲೇ ನೆರಳಿನ ಹಾಗೆ ಹಿಂಬಾಲಿಸುವ ಅಭ್ಯಾಸ ಉಂಟಲ್ಲ, ಮೊದಲ ಒಂದೆರಡು ನಿಮಿಷ ಸುಮ್ಮನೆ ಕೇಳಿ. ಯಾರಿಗೂ ಅದು ಕೊರತೆ ಅನಿಸುವುದಿಲ್ಲ. ತನಿ ಆವರ್ತನ ಬಂದಾಗ ಪಿಟೀಲನ್ನು ಭುಜದಿಂದ ಪೂರ್ತಿ ಇಳಿಸಿ ಮಡಿಲಲ್ಲಿ ಮಲಗಿಸಿ, ಕಮಾನು ಬಿಡಿ, ತಾಳ ಎಡಗೈಯಲ್ಲಿ. ಮೃದಂಗದವರ ಮೋರಾ ಕೇಳಿಸಿದ ಮೇಲೆ ಎತ್ತಿಕೊಂಡರೆ ಸಾಕು.